ಫಂಡಿಗೆ ಲಾಭ, ನನಗೆ ನಷ್ಟ: ಎರಡೂ ನಿಜ ಹೇಗೆ?

ಗೆಳೆಯನೊಬ್ಬ ಒಂದು ಸಂಜೆ ಫೋನ್ ಮಾಡಿದ. ದನಿಯಲ್ಲಿ ಸಿಟ್ಟಿತ್ತು. "ಫಂಡಿನವರ ವರದಿ ಬಂದಿದೆ. ಎರಡು ವರ್ಷದಲ್ಲಿ ಶೇ 8 ಲಾಭ ಅಂತ ಬರೆದಿದ್ದಾರೆ. ನನ್ನ ಖಾತೆ ನೋಡಿದರೆ ಹಾಕಿದ್ದಕ್ಕಿಂತ 40,000 ಕಮ್ಮಿ ಇದೆ. ಇದು ಮೋಸ ಅಲ್ವಾ?"

ಮೋಸ ಅಲ್ಲ. ವರದಿಯೂ ಸರಿ, ಅವನ ಖಾತೆಯೂ ಸರಿ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ, ಅಷ್ಟೆ. ಒಂದರ ಹೆಸರು ಟೈಮ್-ವೆಯ್ಟೆಡ್ ರಿಟರ್ನ್, ಇನ್ನೊಂದರದ್ದು ಮನಿ-ವೆಯ್ಟೆಡ್ ರಿಟರ್ನ್. ಈ ಹೆಸರುಗಳಿಂದ ಏನೂ ಅರ್ಥವಾಗುವುದಿಲ್ಲ ಎಂದು ನನಗೂ ಗೊತ್ತು. ಅದಕ್ಕೇ ಮೊದಲನೆಯದನ್ನು ಇಲ್ಲಿ ಫಂಡಿನ ರಿಟರ್ನ್ ಎನ್ನುತ್ತೇನೆ, ಎರಡನೆಯದನ್ನು ದುಡ್ಡಿನ ರಿಟರ್ನ್ ಎನ್ನುತ್ತೇನೆ.

ಅವನ ಲೆಕ್ಕವನ್ನೇ ಹಿಡಿದು ನೋಡೋಣ. ಶುಲ್ಕ, ತೆರಿಗೆ ಎಲ್ಲ ಬದಿಗಿಟ್ಟಿದ್ದೇನೆ, ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಮೊದಲ ದಿನ ಅವನು ಹಾಕಿದ್ದು 1,00,000. ಮೊದಲ ವರ್ಷ ಫಂಡ್ ಶೇ 20 ಏರಿತು. ದುಡ್ಡು 1,20,000 ಆಯಿತು. ಅದೇ ದಿನ ಅವನು ಇನ್ನೂ 4,80,000 ಹಾಕಿದ. ಈಗ ಒಟ್ಟು 6,00,000. ಎರಡನೇ ವರ್ಷ ಫಂಡ್ ಶೇ 10 ಇಳಿಯಿತು. ಉಳಿದದ್ದು 5,40,000. ಹಾಕಿದ್ದು ಒಟ್ಟು 5,80,000, ಇರುವುದು 5,40,000. ಹೋದದ್ದು 40,000.

ಫಂಡಿನವರು ಶೇ 8 ಎಂದು ಎಲ್ಲಿಂದ ತಂದರು? ಅವನ ದುಡ್ಡನ್ನು ಮರೆತು ಫಂಡಿನ ಒಂದು ಪಾಲನ್ನು, ಅಂದರೆ ಒಂದು ಯೂನಿಟ್ ಅನ್ನು ಮಾತ್ರ ನೋಡಿ. ಮೊದಲ ದಿನ ಒಂದು ಯೂನಿಟ್‌ನ ಬೆಲೆ 10 ಎಂದಿಟ್ಟುಕೊಳ್ಳೋಣ. 1,00,000ಕ್ಕೆ 10,000 ಯೂನಿಟ್ ಸಿಕ್ಕವು. ವರ್ಷದ ಕೊನೆಗೆ ಬೆಲೆ 12. ಆ ಬೆಲೆಯಲ್ಲಿ 4,80,000ಕ್ಕೆ ಬಂದದ್ದು 40,000 ಯೂನಿಟ್. ಈಗ ಕೈಯಲ್ಲಿ 50,000 ಯೂನಿಟ್. ಎರಡನೇ ವರ್ಷ ಬೆಲೆ 12ರಿಂದ 10.80ಕ್ಕೆ ಇಳಿಯಿತು. 50,000 ಯೂನಿಟ್‌ಗೆ 5,40,000. ಲೆಕ್ಕ ಕೂಡಿತು.

ಈಗ ಯೂನಿಟ್‌ನ ಬೆಲೆಯನ್ನಷ್ಟೇ ಗಮನಿಸಿ. 10 ಇದ್ದದ್ದು 10.80 ಆಗಿದೆ. ಅದೇ ಶೇ 8. ಹೊಸ ದುಡ್ಡು ಬಂದಾಗ ಯೂನಿಟ್‌ಗಳ ಸಂಖ್ಯೆ ಬದಲಾಯಿತೇ ಹೊರತು ಬೆಲೆ ಬದಲಾಗಲಿಲ್ಲ. ನಾನು ಒಂದು ಸಾವಿರ ಹಾಕಿದರೂ ಒಂದು ಕೋಟಿ ಹಾಕಿದರೂ ಆ ದಿನದ ಬೆಲೆ ಅದೇ. ಹಾಗಾಗಿ ಯೂನಿಟ್ ಬೆಲೆಯ ಏರಿಳಿತದಲ್ಲಿ ಯಾರು ಯಾವಾಗ ಎಷ್ಟು ಹಾಕಿದರು ಎಂಬುದರ ಸುಳಿವೇ ಇರುವುದಿಲ್ಲ. ಟೈಮ್-ವೆಯ್ಟೆಡ್ ರಿಟರ್ನ್ ಎಂದರೆ ಇಷ್ಟೇ.

ಯೂನಿಟ್ ಪದ್ಧತಿ ಇಲ್ಲದ ಖಾತೆಗೂ ಇದನ್ನು ಲೆಕ್ಕ ಹಾಕಬಹುದು. ದುಡ್ಡು ಒಳಗೆ ಬಂದ ಅಥವಾ ಹೊರಗೆ ಹೋದ ಪ್ರತಿ ದಿನದಲ್ಲೂ ಅವಧಿಯನ್ನು ಕತ್ತರಿಸಬೇಕು. ಪ್ರತಿ ತುಂಡಿನ ರಿಟರ್ನ್ ಬೇರೆ ಬೇರೆ ಕಂಡುಹಿಡಿಯಬೇಕು. ಆಮೇಲೆ ಅವನ್ನು ಗುಣಿಸಬೇಕು, ಕೂಡಬಾರದು. ಇಲ್ಲಿ 1.20 × 0.90 = 1.08. ಎರಡು ವರ್ಷಕ್ಕೆ ಶೇ 8 ಎಂದರೆ ವರ್ಷಕ್ಕೆ ಶೇ 3.92. ನಾಲ್ಕು ಅಲ್ಲ, ಏಕೆಂದರೆ 1.08ರ ವರ್ಗಮೂಲ 1.0392.

ಇನ್ನು ದುಡ್ಡಿನ ರಿಟರ್ನ್. ಇದನ್ನು ವಿವರಿಸಲು ನಾನು ಯಾವಾಗಲೂ ಒಂದು ಕಾಲ್ಪನಿಕ ಉಳಿತಾಯ ಖಾತೆಯನ್ನು ಮುಂದಿಡುತ್ತೇನೆ. ಆ ಖಾತೆಯಲ್ಲಿ ಬಡ್ಡಿ ದರ ಒಂದೇ, ಮೊದಲ ದಿನದಿಂದ ಕೊನೆಯ ದಿನದವರೆಗೆ ಬದಲಾಗುವುದಿಲ್ಲ. ಫಂಡಿಗೆ ಯಾವ ದಿನ ಎಷ್ಟು ಹಾಕಿದಿರೋ ಈ ಖಾತೆಗೂ ಅದೇ ದಿನ ಅಷ್ಟೇ ಹಾಕಿ. ಕೊನೆಯಲ್ಲಿ ಎರಡರಲ್ಲೂ ಒಂದೇ ಮೊತ್ತ ಇರಬೇಕು. ಹಾಗಾಗಲು ಬಡ್ಡಿ ದರ ಎಷ್ಟಿರಬೇಕು? ಆ ದರವೇ ದುಡ್ಡಿನ ರಿಟರ್ನ್. ಪುಸ್ತಕಗಳಲ್ಲಿ ಇದನ್ನು ಇಂಟರ್ನಲ್ ರೇಟ್ ಆಫ್ ರಿಟರ್ನ್ ಎನ್ನುತ್ತಾರೆ.

ಗೆಳೆಯನ ವಿಷಯದಲ್ಲಿ ದುಡ್ಡು ಕಮ್ಮಿಯಾಗಿದೆ. ಹಾಗಾಗಿ ದರ ಸೊನ್ನೆಗಿಂತ ಕೆಳಗಿರಲೇಬೇಕು. ಮೈನಸ್ ಶೇ 5 ಹಾಕಿ ನೋಡೋಣ. ಮೊದಲ 1,00,000 ಎರಡು ವರ್ಷ ಕರಗಿ 90,250 ಆಗುತ್ತದೆ. ನಂತರದ 4,80,000 ಒಂದೇ ವರ್ಷ ಕರಗಿ 4,56,000 ಆಗುತ್ತದೆ. ಒಟ್ಟು 5,46,250. ನಮಗೆ ಬೇಕಾದದ್ದು 5,40,000, ಇದು ಜಾಸ್ತಿ ಆಯಿತು. ಮೈನಸ್ ಶೇ 6 ನೋಡಿದರೆ 88,360 ಮತ್ತು 4,51,200, ಒಟ್ಟು 5,39,560. ಕೂದಲೆಳೆಯಷ್ಟು ಕಮ್ಮಿ. ಅಂದರೆ ಉತ್ತರ ಇವೆರಡರ ನಡುವೆ, ಆರಕ್ಕೆ ತೀರ ಹತ್ತಿರ ಇದೆ. ಸರಿಯಾದ ಉತ್ತರ ವರ್ಷಕ್ಕೆ ಮೈನಸ್ ಶೇ 5.93.

ಸೂತ್ರವಾಗಿ ಬರೆದರೆ ಹೀಗೆ:

```
100000 × (1+r)^2 + 480000 × (1+r) = 540000
r = -0.0593
```

ಹೀಗೆ ಹುಡುಕಿ ಹುಡುಕಿ ಹತ್ತಿರ ಹೋಗುವುದನ್ನೇ ಕಂಪ್ಯೂಟರ್ ಕೂಡ ಮಾಡುವುದು. ಹಲವು ದಿನಗಳಲ್ಲಿ ದುಡ್ಡು ಹಾಕಿದ್ದರೆ ಈ ದರವನ್ನು ನೇರವಾಗಿ ಕೊಡುವ ಸುಲಭ ಸೂತ್ರ ಇಲ್ಲ.

ಮೈನಸ್ ಯಾಕೆ ಬಂತು ಎಂದು ಇನ್ನೂ ಸರಳವಾಗಿ ನೋಡಬಹುದು. ಒಳ್ಳೆಯ ವರ್ಷದಲ್ಲಿ ಅವನ 1,00,000 ಮಾತ್ರ ದುಡಿಯುತ್ತಿತ್ತು, ಗಳಿಸಿದ್ದು 20,000. ಕೆಟ್ಟ ವರ್ಷದಲ್ಲಿ 6,00,000 ಒಳಗಿತ್ತು, ಕಳೆದದ್ದು 60,000. ಎರಡೂ ಸೇರಿ 7,00,000 'ವರ್ಷದ ದುಡ್ಡು' ಕೆಲಸ ಮಾಡಿ 40,000 ಕಳೆಯಿತು. ಭಾಗಿಸಿದರೆ ಮೈನಸ್ ಶೇ 5.7. ಪಕ್ಕಾ ಉತ್ತರ ಅಲ್ಲ, ಆದರೆ ಹತ್ತಿರದಲ್ಲೇ ಇದೆ. ತೂಕ ಎಲ್ಲಿ ಬಿತ್ತು ಎಂಬುದು ಇದರಲ್ಲಿ ಕಾಣುತ್ತದೆ. ಫಂಡಿನ ರಿಟರ್ನ್‌ನಲ್ಲಿ ಎರಡು ವರ್ಷಕ್ಕೂ ಸಮ ತೂಕ. ದುಡ್ಡಿನ ರಿಟರ್ನ್‌ನಲ್ಲಿ ಎರಡನೇ ವರ್ಷಕ್ಕೆ ಆರು ಪಟ್ಟು ತೂಕ.

ವರ್ಷಗಳನ್ನು ಅದಲುಬದಲು ಮಾಡಿದರೆ ವಿಷಯ ಇನ್ನೂ ಚೆನ್ನಾಗಿ ಬಯಲಾಗುತ್ತದೆ. ಮೊದಲ ವರ್ಷ ಶೇ 10 ಇಳಿಕೆ, ಎರಡನೇ ವರ್ಷ ಶೇ 20 ಏರಿಕೆ ಎಂದುಕೊಳ್ಳಿ. ಗೆಳೆಯ ಹಾಕುವ ದುಡ್ಡು, ಹಾಕುವ ದಿನ ಅವೇ. 1,00,000 ಇಳಿದು 90,000. ಅದಕ್ಕೆ 4,80,000 ಸೇರಿ 5,70,000. ಅದು ಏರಿ 6,84,000. ಲಾಭ 1,04,000. ಈಗ ಅವನ ದುಡ್ಡಿನ ರಿಟರ್ನ್ ವರ್ಷಕ್ಕೆ ಶೇ 14.97. ಫಂಡಿನ ರಿಟರ್ನ್? 0.90 × 1.20, ಮತ್ತೆ ಅದೇ 1.08. ವರ್ಷಕ್ಕೆ ಅದೇ ಶೇ 3.92. ಒಂದು ಅಂಕಿ ಅಲ್ಲಾಡಲೇ ಇಲ್ಲ. ಇನ್ನೊಂದು ಸುಮಾರು ಮೈನಸ್ ಆರರಿಂದ ಹದಿನೈದಕ್ಕೆ ಜಿಗಿಯಿತು.

ನಡುವೆ ಒಂದು ಪೈಸೆಯನ್ನೂ ಹಾಕದೆ, ತೆಗೆಯದೆ ಸುಮ್ನೆ ಬಿಟ್ಟಿದ್ದರೆ ಎರಡೂ ಅಂಕಿಗಳು ಒಂದೇ ಆಗಿರುತ್ತಿದ್ದವು. ಜಗಳ ಇರುವುದೇ ನಡುವೆ ಬರುವ ದುಡ್ಡಿನಲ್ಲಿ.

ಹಾಗಾದರೆ ಫಂಡಿನವರು ತಮಗೆ ಅನುಕೂಲವಾದ ಅಂಕಿಯನ್ನೇ ಆರಿಸಿಕೊಂಡರಾ? ಗೆಳೆಯನಿಗೆ ಬಂದ ಅನುಮಾನ ಇದೇ. ಆದರೆ ಯೋಚಿಸಿ: ಎರಡನೇ ವರ್ಷದ ಹೊಸ್ತಿಲಲ್ಲಿ 4,80,000 ತಂದು ಸುರಿದದ್ದು ಯಾರು? ಅವನು. ಫಂಡ್ ನಡೆಸುವವರು ಸಾಮಾನ್ಯವಾಗಿ ಬಾಗಿಲು ಮುಚ್ಚುವುದಿಲ್ಲ. ಬಂದ ದುಡ್ಡನ್ನು ತೆಗೆದುಕೊಳ್ಳುತ್ತಾರೆ, ಕೇಳಿದಾಗ ಕೊಡುತ್ತಾರೆ; ಯಾವ ದಿನ ಎಷ್ಟು ಎಂದು ತೀರ್ಮಾನಿಸುವುದು ಹೂಡಿಕೆದಾರ. ಅವರ ಕೈಯಲ್ಲಿಲ್ಲದ ಸಂಗತಿಗೆ ಅವರನ್ನು ಅಳೆಯುವುದು ನ್ಯಾಯವಲ್ಲ. ಅಮೆರಿಕದ ಸಂಶೋಧಕ ಪೀಟರ್ ಡೀಟ್ಜ್ 1966ರಲ್ಲಿ ಪಿಂಚಣಿ ನಿಧಿಗಳ ಅಳತೆಯ ಬಗ್ಗೆ ಬರೆದದ್ದರ ಹಿಂದೆಯೂ ಇದೇ ಚಿಂತೆ ಇತ್ತು. 1968ರಲ್ಲಿ ಅಮೆರಿಕದ ಬ್ಯಾಂಕ್ ಅಡ್ಮಿನಿಸ್ಟ್ರೇಷನ್ ಇನ್‌ಸ್ಟಿಟ್ಯೂಟ್ ಕೂಡ ನಿಧಿ ನಡೆಸುವವರನ್ನು ಅಳೆಯಲು ಟೈಮ್-ವೆಯ್ಟೆಡ್ ಲೆಕ್ಕವೇ ಸರಿ ಎಂದಿತು. ಇಂದು ಹೂಡಿಕೆ ಸಂಸ್ಥೆಗಳು ಪಾಲಿಸುವ ಜಾಗತಿಕ ಮಾನದಂಡ ಜಿಐಪಿಎಸ್ ಕೂಡ ಸಾಮಾನ್ಯವಾಗಿ ಕೇಳುವುದು ಅದನ್ನೇ.

ಆದರೆ ಬಾಗಿಲ ಕೀಲಿ ನಡೆಸುವವರ ಕೈಯಲ್ಲೇ ಇರುವ ಫಂಡ್‌ಗಳೂ ಉಂಟು. ಷೇರುಪೇಟೆಯಲ್ಲಿಲ್ಲದ ಕಂಪನಿಗಳನ್ನು ಕೊಳ್ಳುವ ಪ್ರೈವೇಟ್ ಇಕ್ವಿಟಿ ಫಂಡ್‌ಗಳಲ್ಲಿ ಹೂಡಿಕೆದಾರ ಇಷ್ಟು ಕೊಡುತ್ತೇನೆ ಎಂದು ಮಾತು ಕೊಟ್ಟಿರುತ್ತಾನೆ. ಯಾವಾಗ ತರಿಸಿಕೊಳ್ಳಬೇಕು, ಯಾವಾಗ ಹಿಂದಿರುಗಿಸಬೇಕು ಎಂದು ತೀರ್ಮಾನಿಸುವುದು ನಡೆಸುವವರು. ಅಲ್ಲಿ ದುಡ್ಡಿನ ರಿಟರ್ನ್ ತೋರಿಸಲು ಜಿಐಪಿಎಸ್ ಕೂಡ ಅವಕಾಶ ಕೊಡುತ್ತದೆ. ದುಡ್ಡು ಬರುವ ದಿನವನ್ನು ಯಾರು ಆರಿಸಿದರು ಎಂದು ಕೇಳಿಕೊಂಡರೆ ಯಾವ ಅಳತೆ ಯಾರಿಗೆ ಎಂಬ ಗೊಂದಲ ಬಹುಪಾಲು ತೀರುತ್ತದೆ.

ಗೆಳೆಯನ ಕಥೆ ನಾನು ಉತ್ಪ್ರೇಕ್ಷೆ ಮಾಡಿದ್ದು ಎನಿಸಬಹುದು. ಅಮೆರಿಕದ ಸಿಜಿಎಂ ಫೋಕಸ್ ಎಂಬ ಮ್ಯೂಚುವಲ್ ಫಂಡಿನ ಕಥೆ ನೋಡಿ. 2009ಕ್ಕೆ ಮುಗಿದ ಹತ್ತು ವರ್ಷಗಳಲ್ಲಿ ಅದು ವರ್ಷಕ್ಕೆ ಸರಾಸರಿ ಶೇ 18ಕ್ಕೂ ಜಾಸ್ತಿ ಗಳಿಸಿತು. ಆ ದಶಕದಲ್ಲಿ ಹಲವು ವಲಯಗಳಲ್ಲಿ ಹೂಡುವ ಅಮೆರಿಕದ ಷೇರು ಫಂಡ್‌ಗಳ ಸಾಲಿನಲ್ಲಿ ಅದೇ ಮುಂದು. ಫಂಡ್‌ಗಳನ್ನು ಅಳೆಯುವ ಮಾರ್ನಿಂಗ್‌ಸ್ಟಾರ್ ಸಂಸ್ಥೆ ದುಡ್ಡಿನ ರಿಟರ್ನ್ ಲೆಕ್ಕ ಹಾಕಿದಾಗ ಅದೇ ಫಂಡಿನ ಸರಾಸರಿ ಹೂಡಿಕೆದಾರ ವರ್ಷಕ್ಕೆ ಸುಮಾರು ಶೇ 11 ಕಳೆದುಕೊಂಡಿದ್ದ. ಕಾರಣ ನಮ್ಮ ಉದಾಹರಣೆಯದ್ದೇ. 2007ರಲ್ಲಿ ಫಂಡ್ ಶೇ 80 ಏರಿತು. ಅದನ್ನು ನೋಡಿ ಜನ ಮುಂದಿನ ವರ್ಷ 260 ಕೋಟಿ ಡಾಲರ್ ತಂದು ಸುರಿದರು. 2008ರಲ್ಲಿ ಅದು ಶೇ 48 ಕುಸಿಯಿತು. ದೊಡ್ಡ ಲಾಭ ಬಂದಾಗ ಒಳಗಿದ್ದ ದುಡ್ಡು ಸ್ವಲ್ಪ, ದೊಡ್ಡ ನಷ್ಟ ಬಂದಾಗ ಒಳಗಿದ್ದದ್ದು ರಾಶಿ. ಇಲ್ಲಿ 18 ಸುಳ್ಳಲ್ಲ, ಮೈನಸ್ 11 ಕೂಡ ಸುಳ್ಳಲ್ಲ.

ಇವೆರಡೂ ಅಲ್ಲದ, ನಿಜಕ್ಕೂ ತಪ್ಪು ಲೆಕ್ಕಗಳೂ ಇವೆ. ಎಲ್ಲಕ್ಕಿಂತ ಕೆಟ್ಟದ್ದು ಹೊಸ ಠೇವಣಿಯನ್ನೇ ಲಾಭವೆಂದು ಎಣಿಸುವುದು. ಗೆಳೆಯನ ಖಾತೆ 1,00,000ದಿಂದ 5,40,000ಕ್ಕೆ ಬೆಳೆದಿದೆ, ಶೇ 440 ಲಾಭ ಎಂದರೆ ಯಾರೂ ನಂಬುವುದಿಲ್ಲ. ಆದರೆ ಠೇವಣಿ ಚಿಕ್ಕದಾಗಿ, ತಿಂಗಳು ತಿಂಗಳು ಬರುತ್ತಿದ್ದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಬಿಯರ್ಡ್ಸ್‌ಟೌನ್ ಲೇಡೀಸ್ ಎಂಬ ಹೂಡಿಕೆ ಕ್ಲಬ್ ವರ್ಷಕ್ಕೆ ಶೇ 23.4 ಗಳಿಸಿದೆ ಎಂದು 1990ರ ದಶಕದಲ್ಲಿ ಮನೆಮಾತಾಗಿತ್ತು. 1998ರಲ್ಲಿ ಲೆಕ್ಕಪರಿಶೋಧಕರು ಕೂತು ನೋಡಿದರೆ ಅದು ಶೇ 9.1 ಮಾತ್ರ. ಸದಸ್ಯೆಯರು ಕಟ್ಟುತ್ತಿದ್ದ ಚಂದಾ ಲಾಭದ ಜೊತೆ ಸೇರಿಹೋಗಿತ್ತು. ಬೇಕೆಂದು ಮಾಡಿದ್ದಲ್ಲ. ಲೆಕ್ಕದ ಮಡಿಕೆಯಲ್ಲಿ ಅಡಗಿ ಕೂತ ತಪ್ಪು.

ಇನ್ನೊಂದು ತಪ್ಪು ಇಷ್ಟು ಸುಲಭವಾಗಿ ಕಾಣುವುದಿಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಫಂಡಿನ ರಿಟರ್ನ್ ಸರಿಯಾಗಿ ಸಿಗಬೇಕಾದರೆ ದುಡ್ಡು ಬಂದ ಪ್ರತಿ ದಿನದ ಖಾತೆಯ ಬೆಲೆ ಗೊತ್ತಿರಬೇಕು. ತಿಂಗಳ ಕೊನೆಯ ಬೆಲೆ ಮಾತ್ರ ಇದ್ದು, ದುಡ್ಡು ನಡುವೆ ಬಂದಿದ್ದರೆ? ಆಗ ಬಳಸುವ ಉಪಾಯದ ಹೆಸರು ಮಾಡಿಫೈಡ್ ಡೀಟ್ಜ್. ತಿಂಗಳ ಲಾಭವನ್ನು ತಿಂಗಳಿಡೀ ಸರಾಸರಿ ಎಷ್ಟು ದುಡ್ಡು ಇತ್ತೋ ಅದರಿಂದ ಭಾಗಿಸುವುದು. ಅರ್ಧ ತಿಂಗಳಷ್ಟೇ ಇದ್ದ ದುಡ್ಡಿಗೆ ಅರ್ಧ ಲೆಕ್ಕ.

```
R = (V1 - V0 - F) / (V0 + w × F)
```

V0 ಮೊದಲ ಬೆಲೆ, V1 ಕೊನೆಯ ಬೆಲೆ, F ನಡುವೆ ಹಾಕಿದ ದುಡ್ಡು, w ಅದು ಒಳಗಿದ್ದ ಕಾಲದ ಪಾಲು. ಠೇವಣಿ ಚಿಕ್ಕದಿದ್ದರೆ ಇದು ತೃಪ್ತಿಕರವಾಗಿಯೇ ಕೆಲಸ ಮಾಡುತ್ತದೆ. ದೊಡ್ಡದಾದಾಗ ಕಥೆ ಬೇರೆ. ತಿಂಗಳ ಆರಂಭದಲ್ಲಿ 1,00,000 ಇತ್ತು ಎನ್ನಿ. ಅರ್ಧ ತಿಂಗಳಲ್ಲಿ ಶೇ 10 ಏರಿ 1,10,000 ಆಯಿತು. ಆ ದಿನ 4,00,000 ಬಂತು, ಒಟ್ಟು 5,10,000. ಉಳಿದರ್ಧದಲ್ಲಿ ಶೇ 10 ಇಳಿದು 4,59,000. ನಿಜವಾದ ಫಂಡಿನ ರಿಟರ್ನ್ 1.10 × 0.90, ಅಂದರೆ ಮೈನಸ್ ಶೇ 1. ಮಾಡಿಫೈಡ್ ಡೀಟ್ಜ್ ಏನು ಹೇಳುತ್ತದೆ? ನಷ್ಟ 41,000. ಸರಾಸರಿ ದುಡ್ಡು 1,00,000ಕ್ಕೆ 4,00,000ದ ಅರ್ಧ ಸೇರಿ 3,00,000. ಉತ್ತರ ಮೈನಸ್ ಶೇ 13.7.

ಒಂದೆಲ್ಲಿ, ಹದಿಮೂರೂವರೆ ಎಲ್ಲಿ! ಯಾಕೆಂದರೆ ಡೀಟ್ಜ್ ಸೂತ್ರ ಮೂಲತಃ ದುಡ್ಡಿನ ರಿಟರ್ನ್‌ನ ಅಂದಾಜು. ಹಲವು ಸಾಫ್ಟ್‌ವೇರ್‌ಗಳು ತಿಂಗಳ ಒಳಗೆ ಇದನ್ನು ಹಾಕಿ, ತಿಂಗಳುಗಳನ್ನು ಗುಣಿಸಿ, ಬಂದದ್ದಕ್ಕೆ ಟೈಮ್-ವೆಯ್ಟೆಡ್ ಎಂದು ಹೆಸರಿಡುತ್ತವೆ. ಅದು ಅರೆಮಿಶ್ರಣ. ಯೂನಿಟ್ ಬೆಲೆ ಇರುವ ಫಂಡಿನಲ್ಲಿ ಇದನ್ನು ಪತ್ತೆ ಹಚ್ಚುವುದು ಸುಲಭ. ಮೊದಲ ದಿನದ ಮತ್ತು ಕೊನೆಯ ದಿನದ ಯೂನಿಟ್ ಬೆಲೆಯನ್ನು ಭಾಗಿಸಿ ನೋಡಿ. ನಡುವೆ ಡಿವಿಡೆಂಡ್ ಕೊಟ್ಟಿರದಿದ್ದರೆ ಆ ಅಂಕಿಯೇ ಬರಬೇಕು. ಬೇರೆ ಬಂದರೆ ವರದಿಯ ಒಳಗೆಲ್ಲೋ ಅಂದಾಜು ನುಸುಳಿದೆ. ಯೂನಿಟ್ ಇಲ್ಲದ ಖಾತೆಯಾದರೆ ದೊಡ್ಡ ಠೇವಣಿ ಬಂದ ತಿಂಗಳನ್ನು ಮೊದಲು ಅನುಮಾನಿಸಿ. ಒಟ್ಟು ಖಾತೆಯ ಹತ್ತನೇ ಒಂದು ಪಾಲಿಗಿಂತ ದೊಡ್ಡದು ಬಂದ ದಿನದ ಬೆಲೆಯನ್ನು ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಇದು ನಿಯಮವಲ್ಲ, ಅನುಭವದಿಂದ ಕಲಿತದ್ದು.

ದುಡ್ಡಿನ ರಿಟರ್ನ್‌ಗೆ ಈ ತಲೆನೋವಿಲ್ಲ. ನಡುವಿನ ಬೆಲೆಗಳು ಅದಕ್ಕೆ ಬೇಕಿಲ್ಲ. ಹಾಕಿದ ದಿನ, ಹಾಕಿದ ಮೊತ್ತ, ಕೊನೆಯ ಬೆಲೆ ಇಷ್ಟಿದ್ದರೆ ಸಾಕು. ಸ್ಪ್ರೆಡ್‌ಶೀಟ್‌ನಲ್ಲಿ ಮೂರು ಸಾಲು, ಕೆಳಗೆ ಈ ದರವನ್ನು ಹುಡುಕಿ ಕೊಡುವ XIRR ಎಂಬ ಸೂತ್ರ:

```
      A             B
1   2022-01-01   -100000
2   2023-01-01   -480000
3   2024-01-01    540000

=XIRR(B1:B3, A1:A3, -0.05)
```

ನಿಮ್ಮ ಜೇಬಿನಿಂದ ಹೋದದ್ದಕ್ಕೆ ಮೈನಸ್, ಜೇಬಿಗೆ ಬರಬಹುದಾದದ್ದಕ್ಕೆ ಪ್ಲಸ್. ಕೊನೆಯ ಸಾಲು ನಿಜವಾಗಿ ಹಿಂತೆಗೆದ ದುಡ್ಡಲ್ಲ. ಇವತ್ತು ಎಲ್ಲ ಮಾರಿದರೆ ಎಷ್ಟು ಬರುತ್ತದೋ ಆ ಮೊತ್ತ. ಹೆಚ್ಚು ಜನ ಮರೆಯುವುದು ಈ ಸಾಲನ್ನೇ. ಕೊನೆಯ -0.05 ಎಂಬುದು ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬ ಸೂಚನೆ. ಕೊಡದಿದ್ದರೆ ಅದು ಶೇ 10ರಿಂದ ಶುರು ಮಾಡುತ್ತದೆ. ನಷ್ಟದ ಖಾತೆಗಳಲ್ಲಿ ಕೆಲವೊಮ್ಮೆ ದಾರಿ ತಪ್ಪಿ `#NUM!` ಎನ್ನುತ್ತದೆ. ಇಲ್ಲವೇ 2.98E-09 ಎಂಬ ವಿಚಿತ್ರ ಸೊನ್ನೆಯನ್ನು ತೋರಿಸುತ್ತದೆ. ಅದು ಉತ್ತರವಲ್ಲ, ಸೋತು ಕೈಚೆಲ್ಲಿದ ಗುರುತು.

XIRR ಯಾವಾಗಲೂ ವರ್ಷದ ದರಕ್ಕೆ ಹಿಗ್ಗಿಸಿ ಹೇಳುತ್ತದೆ ಎಂಬುದೂ ನೆನಪಿರಲಿ. 30 ದಿನದಲ್ಲಿ ಶೇ 3 ಬಂದರೆ ಅದು ಸುಮಾರು ಶೇ 43 ಎಂದು ತೋರಿಸುತ್ತದೆ. ಅದೇ ಓಟ ವರ್ಷವಿಡೀ ನಡೆದರೆ ಎಂಬ ಲೆಕ್ಕ ಅದು. ಖಾತೆಗೆ ಒಂದು ವರ್ಷ ತುಂಬುವವರೆಗೆ ನಾನಂತೂ ಆ ಅಂಕಿಯನ್ನು ನೋಡುವುದಿಲ್ಲ. ಬರೀ ಹಾಕುತ್ತಾ ಹೋಗಿ ಕೊನೆಗೆ ಒಮ್ಮೆ ತೆಗೆಯುವ ಖಾತೆಗೆ ಉತ್ತರ ಒಂದೇ ಇರುತ್ತದೆ. ಹಾಕಿ, ತೆಗೆದು, ಮತ್ತೆ ಹಾಕಿ ಮಾಡಿದರೆ ಗಣಿತದಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ ಬರುವ ಸಾಧ್ಯತೆ ಇದೆ. ಅಪರೂಪ, ಆದರೆ ಇದೆ.

ಇಷ್ಟನ್ನೆಲ್ಲ ಕೇಳಿದ ಮೇಲೆ ಗೆಳೆಯ, "ಹಾಗಾದರೆ ಬೇರೆ ಫಂಡಿಗೆ ಹೋಗಿದ್ದರೆ ಒಳ್ಳೆಯದಿತ್ತಾ?" ಎಂದ. ಅವನ ಮೈನಸ್ 5.93ನ್ನು ಇನ್ನೊಂದು ಫಂಡಿನ ವರದಿಯ ಪಕ್ಕ ಇಟ್ಟು ನೋಡುವಂತಿಲ್ಲ. ಅದು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದಂತೆ. ಮಾಡಬೇಕಾದದ್ದು ಇಷ್ಟು: ಅವನ ಠೇವಣಿಗಳನ್ನೇ, ಅದೇ ದಿನಗಳಲ್ಲಿ, ಆ ಇನ್ನೊಂದು ಫಂಡಿಗೆ ಹಾಕಿದ್ದರೆ ಏನಾಗುತ್ತಿತ್ತು ಎಂದು ನೋಡುವುದು.

ಆ ಇನ್ನೊಂದು ಫಂಡ್ ಮೊದಲ ವರ್ಷ ಶೇ 2 ಏರಿ, ಎರಡನೇ ವರ್ಷ ಶೇ 3 ಇಳಿಯಿತು ಎಂದುಕೊಳ್ಳೋಣ. ಫಂಡಿನ ರಿಟರ್ನ್ 1.02 × 0.97, ಎರಡು ವರ್ಷಕ್ಕೆ ಮೈನಸ್ ಶೇ 1.06. ವರದಿಯ ಪ್ರಕಾರ ಇದು ಶೇ 8ರ ಫಂಡಿಗಿಂತ ಕಳಪೆ. ಈಗ ಗೆಳೆಯನ ದುಡ್ಡು ಹಾಕಿ. 1,00,000 ಏರಿ 1,02,000. 4,80,000 ಸೇರಿ 5,82,000. ಇಳಿದು 5,64,540. ನಷ್ಟ 15,460 ಮಾತ್ರ. ಕಳಪೆ ಫಂಡಿನಲ್ಲಿ ಅವನು ಕಮ್ಮಿ ಕಳೆದುಕೊಳ್ಳುತ್ತಿದ್ದ!

ಇದನ್ನು ಹೇಳಿದಾಗ ಅವನಿಗೆ ಖುಷಿಯಾಯಿತು, ತನ್ನ ಅನುಮಾನ ಸರಿ ಎಂದು. ಆ ಖುಷಿಗೆ ತಣ್ಣೀರು ಎರಚಬೇಕಾಯಿತು. ಈ ಹೋಲಿಕೆ ಅವನ ಆ ಎರಡು ದಿನಾಂಕಗಳಿಗೆ ಮಾತ್ರ ಅಂಟಿಕೊಂಡಿದೆ. ದೊಡ್ಡ ಮೊತ್ತವನ್ನು ಮೊದಲೇ ಹಾಕಿದ್ದವನಿಗೆ ಮೊದಲ ಫಂಡೇ ಒಳ್ಳೆಯದಾಗಿತ್ತು. ಮುಂದಿನ ಠೇವಣಿಗೆ ಯಾವ ಫಂಡ್ ಎಂದು ಆರಿಸಲು ಅವನ ಹಳೆಯ ದಿನಾಂಕಗಳು ಯಾವ ಸಹಾಯವನ್ನೂ ಮಾಡುವುದಿಲ್ಲ. ನಡೆಸುವವರ ಕೈಚಳಕ ನೋಡಬೇಕಾದರೆ ಮತ್ತೆ ಫಂಡಿನ ರಿಟರ್ನ್‌ಗೇ ಬರಬೇಕು.

ಹಾಗಾದರೆ ಶೇ 3.92ಕ್ಕೂ ಮೈನಸ್ 5.93ಕ್ಕೂ ನಡುವಿನ ಅಂತರ ಅವನ ತಪ್ಪಾ? ಹಲವರು ಹಾಗೆ ಹೇಳಿಬಿಡುತ್ತಾರೆ. ನನಗೆ ಅದು ಅರ್ಧ ಸತ್ಯ. ದುಡ್ಡು ಇದ್ದೂ ಕಾದು ಕುಳಿತು, ಏರಿದ್ದನ್ನು ನೋಡಿ ಆಮೇಲೆ ಹಾಕುವುದು ಒಂದು. ದುಡ್ಡು ಕೈಗೆ ಬಂದದ್ದೇ ಆ ದಿನ, ಬಂದ ಕೂಡಲೇ ಹಾಕುವುದು ಇನ್ನೊಂದು. ಲೆಕ್ಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಸಂಬಳದಿಂದ ತಿಂಗಳು ತಿಂಗಳು ಹಾಕುವವರಲ್ಲೂ ಅಂತರ ಇದ್ದೇ ಇರುತ್ತದೆ. ಹತ್ತು ವರ್ಷ ಹಾಗೆ ಹಾಕಿದರೆ ಮೊದಲ ವರ್ಷ ಒಳಗಿರುವುದು ಸ್ವಲ್ಪ, ಕೊನೆಯ ವರ್ಷ ಒಳಗಿರುವುದು ಬಹಳ. ಕೊನೆಯ ಒಂದೆರಡು ವರ್ಷ ಕೆಟ್ಟದಾದರೆ ದುಡ್ಡಿನ ರಿಟರ್ನ್ ಕೆಳಗೆ ಬೀಳುತ್ತದೆ. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಅದಕ್ಕೇ ಅವನನ್ನು ಕೇಳಿದೆ: "ಆ 4,80,000 ಎಲ್ಲಿತ್ತು ಅಲ್ಲಿಯವರೆಗೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: 2,00,000 ಆಗಷ್ಟೇ ಕೈಗೆ ಬಂದದ್ದು. ಉಳಿದ 2,80,000 ಮೊದಲ ದಿನದಿಂದಲೂ ಇತ್ತು, ಶೇ 20 ಏರಿದ್ದನ್ನು ನೋಡಿದ ಮೇಲೆ ಧೈರ್ಯ ಬಂದು ಹಾಕಿದ.

ಹಾಗಾದರೆ ಲೆಕ್ಕ ಒಡೆಯಬಹುದು. ಪೂರ್ತಿ 5,80,000 ಮೊದಲ ದಿನವೇ ಒಳಗಿದ್ದಿದ್ದರೆ ಶೇ 8 ಸೇರಿ 6,26,400 ಆಗುತ್ತಿತ್ತು. ಇರುವುದು 5,40,000. ಅಂತರ 86,400. ಅದರಲ್ಲಿ 2,00,000ದ ಪಾಲು 36,000. ಅದು ಯಾರ ತಪ್ಪೂ ಅಲ್ಲ, ಆ ದುಡ್ಡು ಮೊದಲೇ ಇರಲೇ ಇಲ್ಲ. ಉಳಿದ 50,400 ಕಾದು ಕೂತದ್ದರ ಬೆಲೆ. ವರ್ಷಗಳು ಅದಲುಬದಲಾಗಿದ್ದರೆ ಇದೇ ಕಾಯುವಿಕೆ ಅವನಿಗೆ ಲಾಭ ತರುತ್ತಿತ್ತು ಎಂಬುದನ್ನೂ ಹೇಳಿದೆ.

"ಅಂದರೆ ಫಂಡಿನವರ ಮೇಲೆ ದೂರು ಕೊಡೋ ಹಾಗಿಲ್ಲ," ಎಂದ.

ಇಲ್ಲ ಎಂದೆ. 50,400ನ್ನು ಕಾಗದದ ಮೇಲೆ ಬರೆದುಕೊಳ್ಳುವ ಸದ್ದು ಫೋನಿನಲ್ಲಿ ಕೇಳಿಸಿತು.